ಒಟ್ಟು ಒಂದಾಗಲೇಬೇಕು

1926ರ ಜೂನ್ ತಿಂಗಳಲ್ಲಿ ಜರ್ಮನಿಯ ಗಟ್ಟಿಂಗೆನ್‌ನಲ್ಲಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಒಂದು ಪುಟ್ಟ ಪ್ರಬಂಧವನ್ನು ಅಚ್ಚಿಗೆ ಕಳಿಸಿದರು. ಪರಮಾಣುವಿಗೆ ಡಿಕ್ಕಿ ಹೊಡೆದ ಎಲೆಕ್ಟ್ರಾನ್ ಯಾವ ದಿಕ್ಕಿಗೆ ಚಿಮ್ಮುತ್ತದೆ ಎಂಬುದು ಅದರ ವಿಷಯ. ಶ್ರೋಡಿಂಗರ್ ತಮ್ಮ ಸಮೀಕರಣವನ್ನು ಪ್ರಕಟಿಸಿ ಆಗ ಕೆಲವೇ ತಿಂಗಳಾಗಿತ್ತು. ಆ ಸಮೀಕರಣವನ್ನು ಬಿಡಿಸಿದರೆ ψ ಎಂಬ ತರಂಗಫಲನ ಸಿಗುತ್ತಿತ್ತು, ಅದರಿಂದ ಹೈಡ್ರೋಜನ್ನಿನ ಶಕ್ತಿಮಟ್ಟಗಳೂ ಸರಿಯಾಗಿ ಬರುತ್ತಿದ್ದವು. ಆದರೆ ಈ ψ ಯಾವುದರ ಅಲೆ? ಎಲೆಕ್ಟ್ರಾನಿನ ವಿದ್ಯುದಾವೇಶವೇ ಹಾಗೆ ಹರಡಿಕೊಂಡಿರುತ್ತದೆ ಎಂಬುದು ಶ್ರೋಡಿಂಗರ್ ಅವರ ಆಗಿನ ನಂಬಿಕೆ. ಬಾರ್ನ್ ಇದನ್ನು ಒಪ್ಪಲಿಲ್ಲ. ಎಲೆಕ್ಟ್ರಾನ್ ಎಲ್ಲಿ ಸಿಗುವ ಸಾಧ್ಯತೆ ಎಷ್ಟು ಎಂಬುದನ್ನು ಮಾತ್ರ ψ ಹೇಳುತ್ತದೆ ಎಂದರು. ಪ್ರಬಂಧದ ಮುಖ್ಯ ಪಠ್ಯದಲ್ಲಿ ಅವರು ψ ತಾನೇ ಸಂಭವನೀಯತೆ ಎನ್ನುವಂತೆ ಬರೆದಿದ್ದರು. ಕರಡು ತಿದ್ದುವಾಗ ಒಂದು ಅಡಿಟಿಪ್ಪಣಿ ಸೇರಿಸಿದರು: ಸಂಭವನೀಯತೆ ಇರುವುದು ಅದರ ವರ್ಗದಲ್ಲಿ. ತರಂಗಫಲನಕ್ಕೆ ಕೊಟ್ಟ ಈ ವ್ಯಾಖ್ಯಾನಕ್ಕಾಗಿಯೇ ಮುಖ್ಯವಾಗಿ 1954ರಲ್ಲಿ ಅವರಿಗೆ ನೊಬೆಲ್ ಬಂತು. ನಾಜಿ ಆಡಳಿತದಲ್ಲಿ ಕೆಲಸ ಕಳೆದುಕೊಂಡಿದ್ದ ಬಾರ್ನ್, 1935-36ರ ಚಳಿಗಾಲದಲ್ಲಿ ಸಿ.ವಿ. ರಾಮನ್ ಅವರ ಆಹ್ವಾನದ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೆಲವು ತಿಂಗಳು ಇದ್ದರು ಎಂಬುದನ್ನೂ ಇಲ್ಲೇ ನೆನೆಯಬೇಕು.

ವರ್ಗವೇ ಏಕೆ? ಅಲೆಗೆ ಉಬ್ಬೂ ಉಂಟು, ತಗ್ಗೂ ಉಂಟು. ψ ಕೆಲವೆಡೆ ಋಣ ಸಂಖ್ಯೆಯಾಗಿರುತ್ತದೆ, ಎಷ್ಟೋ ಸಲ ಸಂಕೀರ್ಣ ಸಂಖ್ಯೆಯೇ ಆಗಿರುತ್ತದೆ. ಸಾಧ್ಯತೆ ಸೊನ್ನೆಗಿಂತ ಕಡಿಮೆಯಾಗಲು ಬರುವುದಿಲ್ಲ. ψನ ಪ್ರಮಾಣವನ್ನು ವರ್ಗ ಮಾಡಿದರೆ, ಅಂದರೆ |ψ|² ತೆಗೆದರೆ, ಸಿಗುವುದು ಎಂದೂ ಋಣವಾಗದ ಸಂಖ್ಯೆ.

ಇದನ್ನು ಒಂದು ಉದಾಹರಣೆಯಲ್ಲಿ ಮಾಡಿ ನೋಡೋಣ. ಎಲೆಕ್ಟ್ರಾನೊಂದು L ಉದ್ದದ ಒಂದು ಗೆರೆಯ ಮೇಲೆ, ದಾಟಲಾಗದ ಎರಡು ಗೋಡೆಗಳ ನಡುವೆ ಸಿಕ್ಕಿಕೊಂಡಿದೆ. ಪದವಿ ತರಗತಿಗಳಲ್ಲಿ ‘ಪೆಟ್ಟಿಗೆಯೊಳಗಿನ ಕಣ’ ಎಂದು ಕಲಿಸುವುದು ಇದನ್ನೇ. ಅತಿ ಕಡಿಮೆ ಶಕ್ತಿಯ ಸ್ಥಿತಿಗೆ ಶ್ರೋಡಿಂಗರ್ ಸಮೀಕರಣ ಕೊಡುವ ಉತ್ತರ ಹೀಗಿದೆ:

ψ(x) = A sin(πx/L)

ಗೋಡೆಗಳ ಬಳಿ ಇದು ಸೊನ್ನೆ, ನಡುವೆ ಅತಿ ಎತ್ತರ. ಆದರೆ A ಎಷ್ಟು? ಸಮೀಕರಣ ಇದನ್ನು ಹೇಳುವುದಿಲ್ಲ, ಹೇಳಲು ಅದಕ್ಕೆ ಸಾಧ್ಯವೂ ಇಲ್ಲ. ಅದರ ಪ್ರತಿಯೊಂದು ಪದದಲ್ಲೂ ψ ಒಂದೇ ಸಲ ಬರುವುದರಿಂದ, ψ ಒಂದು ಉತ್ತರವಾದರೆ ಅದರ ಐದು ಪಟ್ಟೂ ಉತ್ತರವೇ, ನೂರನೇ ಒಂದು ಪಾಲೂ ಉತ್ತರವೇ. ಅಲೆಯ ಆಕಾರ ಮಾತ್ರ ಸಮೀಕರಣದಿಂದ ಬರುತ್ತದೆ. ಎತ್ತರವನ್ನು ಗೊತ್ತುಮಾಡಲು ಹೊರಗಿನ ಇನ್ನೊಂದು ಮಾತು ಬೇಕು. ಬಾರ್ನ್ ಅವರ ವ್ಯಾಖ್ಯಾನವನ್ನು ಒಪ್ಪಿದ ಕ್ಷಣ ಆ ಮಾತು ತಾನಾಗಿ ಸಿಗುತ್ತದೆ: ಎಲೆಕ್ಟ್ರಾನ್ ಪೆಟ್ಟಿಗೆಯಲ್ಲಿ ಎಲ್ಲೋ ಒಂದು ಕಡೆ ಇದ್ದೇ ಇದೆ, ಹಾಗಾಗಿ ಎಲ್ಲ ಜಾಗಗಳ ಸಾಧ್ಯತೆಯನ್ನೂ ಕೂಡಿದರೆ ಒಂದು ಬರಬೇಕು. ಈ ಷರತ್ತಿಗೆ ತಕ್ಕಂತೆ A ಆರಿಸುವುದನ್ನೇ ನಾರ್ಮಲೈಸ್ ಮಾಡುವುದು ಎನ್ನುತ್ತಾರೆ.

ಲೆಕ್ಕ ಕಷ್ಟದ್ದಲ್ಲ. sin² ಸೊನ್ನೆಯಿಂದ ಒಂದಕ್ಕೆ ಏರಿ ಮತ್ತೆ ಸೊನ್ನೆಗೆ ಇಳಿಯುತ್ತದೆ, ಪೆಟ್ಟಿಗೆಯುದ್ದಕ್ಕೂ ಅದರ ಸರಾಸರಿ ಅರ್ಧ. ಆದ್ದರಿಂದ |ψ|² ಗೆರೆಯ ಕೆಳಗಿನ ಒಟ್ಟು ವಿಸ್ತೀರ್ಣ A² × L/2. ಇದು ಒಂದಾಗಬೇಕಾದರೆ A² = 2/L, ಅಂದರೆ A = √(2/L).

A ಒಂದೇ ಇರಲಿ ಎಂದು ಬಿಟ್ಟರೆ ಆಗುವುದೇನು? ಪೆಟ್ಟಿಗೆಯ ಉದ್ದ 1 ನ್ಯಾನೋಮೀಟರ್ ಎಂದಿಟ್ಟುಕೊಂಡರೆ ಒಟ್ಟು ಅರ್ಧ ಬರುತ್ತದೆ. ಹುಡುಕಿದ ಎರಡು ಸಲದಲ್ಲಿ ಒಂದು ಸಲ ಎಲೆಕ್ಟ್ರಾನ್ ಎಲ್ಲೂ ಇರುವುದಿಲ್ಲ ಎಂದಂತಾಯಿತು. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದ ಕಣದ ಬಗ್ಗೆ ಇದು ಅರ್ಥವಿಲ್ಲದ ಮಾತು. ತಿದ್ದುವಾಗ ಹೊಸ ವಿದ್ಯಾರ್ಥಿಗಳು ಬಹಳ ಸಲ ψ ಅನ್ನು ಈ ಅರ್ಧದಿಂದಲೇ ಭಾಗಿಸಿಬಿಡುತ್ತಾರೆ. ಆಗ ಒಟ್ಟು ಎರಡಕ್ಕೆ ಹಾರುತ್ತದೆ. ಸಾಧ್ಯತೆ ψನ ವರ್ಗದಲ್ಲಿ ಇರುವುದರಿಂದ ಭಾಗಿಸಬೇಕಾದದ್ದು ಅರ್ಧದ ವರ್ಗಮೂಲದಿಂದ. ಉತ್ತರ ಸರಿಯೇ ಎಂದು ತಿಳಿಯಲು ಒಟ್ಟನ್ನು ಇನ್ನೊಮ್ಮೆ ಕೂಡಿ ನೋಡಿದರೆ ಸಾಕು.

ಇನ್ನೊಂದು ಎಡವುವ ಜಾಗವಿದೆ. ಇದೇ 1 ನ್ಯಾನೋಮೀಟರ್ ಪೆಟ್ಟಿಗೆಯ ನಟ್ಟನಡುವೆ |ψ|² ಬೆಲೆ 2. ಸಾಧ್ಯತೆ ಒಂದಕ್ಕಿಂತ ಹೆಚ್ಚಾಯಿತಲ್ಲ ಎಂದು ಗಾಬರಿಯಾಗಬಹುದು. |ψ|² ಸಾಧ್ಯತೆಯ ಸಾಂದ್ರತೆ, ಅಂದರೆ ಒಂದು ನ್ಯಾನೋಮೀಟರಿಗೆ ಎಷ್ಟು ಎಂಬ ದರ. ಗಂಟೆಗೆ 60 ಮಿಲಿಮೀಟರ್ ದರದಲ್ಲಿ ಸುರಿದ ಮಳೆ ಐದೇ ನಿಮಿಷಕ್ಕೆ ನಿಂತರೆ ಬಿದ್ದದ್ದು 5 ಮಿಲಿಮೀಟರ್ ಮಾತ್ರ. ಹಾಗೆಯೇ ಈ ದರವನ್ನು ಜಾಗದ ಅಗಲದಿಂದ ಗುಣಿಸಿದಾಗಲೇ ಸಾಧ್ಯತೆ ಸಿಗುವುದು. ಒಂದು ಬಿಂದುವಿಗೆ ಅಗಲವಿಲ್ಲ, ಆದ್ದರಿಂದ ಎಲೆಕ್ಟ್ರಾನ್ ಕರಾರುವಾಕ್ಕಾಗಿ ಇದೇ ಬಿಂದುವಿನಲ್ಲಿ ಸಿಗುವ ಸಾಧ್ಯತೆ ಸೊನ್ನೆ. ಕೇಳಬೇಕಾದ್ದು ಇಲ್ಲಿಂದ ಅಲ್ಲಿಯವರೆಗಿನ ತುಂಡಿನ ಬಗ್ಗೆ.

ಅಂಥ ಒಂದು ತುಂಡನ್ನೇ ತೆಗೆದುಕೊಳ್ಳೋಣ. ಪೆಟ್ಟಿಗೆಯನ್ನು ಮೂರು ಸಮಪಾಲು ಮಾಡಿ. ನಡುವಿನ ಪಾಲಿನಲ್ಲಿ |ψ|² ಅನುಕಲಿಸಿದರೆ 1/3 + √3/(2π), ಅಂದರೆ ಸುಮಾರು 0.609 ಬರುತ್ತದೆ. ಎರಡೂ ಬದಿಗಳಿಗೆ ತಲಾ 0.1955. ಮೂರನ್ನೂ ಕೂಡಿದರೆ ಒಂದು.

ಈ 0.609ರ ಅರ್ಥವನ್ನು ನಿಧಾನವಾಗಿ ಬಿಡಿಸಿಕೊಳ್ಳಬೇಕು. ಎಲೆಕ್ಟ್ರಾನಿನ ಶೇಕಡಾ 61 ಭಾಗ ನಡುವೆ ಇದೆ, ಉಳಿದದ್ದು ಬದಿಗಳಲ್ಲಿದೆ ಎಂದು ಯಾವ ಪ್ರಯೋಗವೂ ತೋರಿಸಿಲ್ಲ. ಹುಡುಕಿದಾಗಲೆಲ್ಲ ಸಿಗುವುದು ಇಡೀ ಎಲೆಕ್ಟ್ರಾನ್, ಒಂದೇ ಕಡೆ. ಒಂದೇ ಸ್ಥಿತಿಯಲ್ಲಿ ಸಿದ್ಧಮಾಡಿದ ಸಾವಿರ ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆದರೆ ಸುಮಾರು 609ರಲ್ಲಿ ಅದು ನಡುವಿನ ಪಾಲಿನಲ್ಲಿ ಸಿಗುತ್ತದೆ. ಸರಿಯಾಗಿ 609 ಆಗಬೇಕೆಂದಿಲ್ಲ. ಹದಿನೈದರಷ್ಟು ಆಚೀಚೆ ಆಗುವುದು ಸಹಜ. ಮುಂದಿನ ಪೆಟ್ಟಿಗೆಯಲ್ಲಿ ಎಲ್ಲಿ ಸಿಗುತ್ತದೆ ಎಂದು ಮೊದಲೇ ಹೇಳಲು ψನಿಂದ ಆಗುವುದಿಲ್ಲ. 1989ರಲ್ಲಿ ಜಪಾನಿನ ಅಕಿರಾ ತೊನೊಮುರಾ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಒಂದಾದ ಮೇಲೊಂದರಂತೆ ಬಂದ ಎಲೆಕ್ಟ್ರಾನುಗಳು ಪರದೆಯ ಮೇಲೆ ಚುಕ್ಕಿಗಳಾಗಿ ಬಿದ್ದವು. ಮೊದಮೊದಲು ಯಾವ ಕ್ರಮವೂ ಕಾಣಲಿಲ್ಲ. ಚುಕ್ಕಿಗಳು ಸಾವಿರಾರು ಆದಂತೆ ಅಲೆಗಳ ಪಟ್ಟೆಗಳು ಮೂಡಿದವು.

ಇವತ್ತು ಒಂದಕ್ಕೆ ಸರಿಹೊಂದಿಸಿದ ಒಟ್ಟು ನಾಳೆಯೂ ಒಂದಾಗಿಯೇ ಇರುತ್ತದೆಯೇ? ಇರದಿದ್ದರೆ ಬಾರ್ನ್ ಅವರ ವ್ಯಾಖ್ಯಾನ ಅಲ್ಲಿಗೇ ಕುಸಿಯುತ್ತಿತ್ತು. ಅಲೆ ಚಲಿಸಿದರೂ ಹರಡಿದರೂ ಒಂದು ಕಡೆ ಕಡಿಮೆಯಾದ ಸಾಧ್ಯತೆ ಪಕ್ಕಕ್ಕೆ ಹರಿದಿರುತ್ತದೆ, ಒಟ್ಟು ಬದಲಾಗದು ಎಂಬುದನ್ನು ಶ್ರೋಡಿಂಗರ್ ಸಮೀಕರಣದಿಂದಲೇ ಸಾಧಿಸಿ ತೋರಿಸಬಹುದು. ಎತ್ತರವನ್ನು ಹೇಳಲಾರದ ಸಮೀಕರಣವೇ, ನಾವು ಒಮ್ಮೆ ಗೊತ್ತುಮಾಡಿದ ಒಟ್ಟನ್ನು ಕಾಯ್ದುಕೊಂಡು ಹೋಗುತ್ತದೆ. ಇಡೀ ವಿಷಯದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಇದು.

ನಾರ್ಮಲೈಸ್ ಮಾಡಲಾಗದ ಅಲೆಗಳೂ ಇವೆ. ಎಲ್ಲೆಡೆ ಒಂದೇ ಎತ್ತರದಲ್ಲಿ ಕೊನೆಯಿಲ್ಲದೆ ಹರಡಿದ ಅಲೆಯ ಒಟ್ಟು ಅನಂತ, ಅದನ್ನು ಯಾವ ಸಂಖ್ಯೆಯಿಂದ ಭಾಗಿಸಿದರೂ ಒಂದಾಗದು. ಅಂಥದು ಲೆಕ್ಕಕ್ಕೆ ಅನುಕೂಲವೇ ಹೊರತು ನಿಜವಾದ ಒಂದು ಕಣದ ಸ್ಥಿತಿ ಆಗಲಾರದು.

ಕೈಯಾರೆ ಮಾಡಿ ನೋಡಬೇಕೆನ್ನುವವರು ಇದೇ ಪೆಟ್ಟಿಗೆಯ ಎರಡನೆಯ ಸ್ಥಿತಿಯನ್ನು, ಅಂದರೆ A sin(2πx/L) ಅನ್ನು ತೆಗೆದುಕೊಳ್ಳಿ. A ಮೊದಲಿನಷ್ಟೇ ಬರುತ್ತದೆ. ನಡುವಿನ ಪಾಲಿನ ಸಾಧ್ಯತೆ ಮಾತ್ರ 0.1955ಕ್ಕೆ ಇಳಿದು, ಬದಿಗಳದು ತಲಾ 0.402ಕ್ಕೆ ಏರಬೇಕು.