ಮ್ಯೂಟ್ ಮಾಡಬೇಕೇ, ಹೊರಬರಬೇಕೇ? ವಾಟ್ಸಾಪ್ ಗ್ರೂಪಿನೊಳಗಿನ ಲೆಕ್ಕ

ಡೊಂಬಿವಲಿಯ ಒಂದು ಕನ್ನಡ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ 300 ಜನ ಇದ್ದಾರೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 300 ಹುಟ್ಟುಹಬ್ಬ. ಹತ್ತರಲ್ಲಿ ಒಬ್ಬರು ಮಾತ್ರ ಶುಭ ಕೋರಿದರೂ ಒಂದೊಂದು ಹುಟ್ಟುಹಬ್ಬಕ್ಕೆ 30 ಸಂದೇಶ, ತಿಂಗಳಿಗೆ 750. ಈಗ ಅದೇ ಗ್ರೂಪು 600 ಜನರದ್ದಾಯಿತು ಅನ್ನಿ. ಹುಟ್ಟುಹಬ್ಬಗಳೂ ಎರಡು ಪಟ್ಟು, ಶುಭ ಕೋರುವವರೂ ಎರಡು ಪಟ್ಟು. ಹಾಗಾಗಿ ಸಂದೇಶಗಳು ಎರಡಲ್ಲ, ನಾಲ್ಕು ಪಟ್ಟಾಗಿ ತಿಂಗಳಿಗೆ 3,000 ಮುಟ್ಟುತ್ತವೆ. 2016ರಲ್ಲಿ ಒಂದು ಗ್ರೂಪಿಗೆ ಗರಿಷ್ಠ 256 ಜನ ಎಂದಿದ್ದ ಮಿತಿ 2022ರ ಕೊನೆಗೆ 1,024ಕ್ಕೆ ಏರಿತು. ಸದ್ದು ಹೆಚ್ಚಿದ್ದು ಯಾರ ಅಸಭ್ಯತೆಯಿಂದಲೂ ಅಲ್ಲ. ಎಲ್ಲರ ಸೌಜನ್ಯ ಒಂದೇ ಜಾಗದಲ್ಲಿ ಕೂಡಿದ್ದರಿಂದ.

ಈ ರಾಶಿಯ ನಡುವೆಯೇ ಒಂದು ಸಾಲು ಬಂದಿರುತ್ತದೆ: ಭಾನುವಾರ ಠಾಣೆ–ಕಲ್ಯಾಣ ಮಧ್ಯೆ ಮೆಗಾ ಬ್ಲಾಕ್ ಇದೆ, ಯಕ್ಷಗಾನಕ್ಕೆ ಬರುವವರು ಬೇಗ ಹೊರಡಿ. ಮ್ಯೂಟ್ ಮಾಡುವುದೋ ಹೊರಬರುವುದೋ ಎಂಬ ಪ್ರಶ್ನೆಗೆ ಉತ್ತರ ಇರುವುದು ಇಂಥ ಸಾಲಿನಲ್ಲೇ. ಅದು ನಿಮಗೆ ಬೇಕಾದರೆ ಗ್ರೂಪಿನಲ್ಲಿ ಉಳಿಯಬೇಕು, ಸದ್ದನ್ನು ಮಾತ್ರ ಅಡಗಿಸಬೇಕು. ಅಂಥ ಸಾಲು ಇನ್ನು ಬರುವುದೇ ಇಲ್ಲ ಎಂದಾದರೆ ಹೊರಡಬಹುದು.

ಸದ್ದು ಅಡಗಿಸುವುದು ಅಷ್ಟು ಮುಖ್ಯವೇ? 2015ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿದರು. ಏಕಾಗ್ರತೆ ಬೇಡುವ ಕೆಲಸದಲ್ಲಿ ತೊಡಗಿದ್ದವರ ಫೋನಿಗೆ ಆಗಾಗ ಕರೆ ಅಥವಾ ಸಂದೇಶ ಬರುವಂತೆ ಮಾಡಿದರು. ಅವರು ಫೋನನ್ನು ಮುಟ್ಟಲೇ ಇಲ್ಲ, ಆದರೂ ತಪ್ಪುಗಳು ಹೆಚ್ಚಿದವು. ಯಾರಿರಬಹುದು, ಏನಿರಬಹುದು ಎಂದು ಮನಸ್ಸು ಆ ಕಡೆ ಹೊರಳುವುದೇ ಅಷ್ಟು ದುಬಾರಿ. ‘ನೋಡದೆ ಬಿಟ್ಟರಾಯಿತು’ ಎನ್ನುವ ಸಲಹೆ ಸಾಲದು, ಸದ್ದೇ ಆಗಬಾರದು.

ಮ್ಯೂಟ್ ಎಂಬುದು ನಿಮ್ಮದೇ ಫೋನಿನಲ್ಲಿ ನಡೆಯುವ ವ್ಯವಹಾರ. ಗ್ರೂಪಿನಲ್ಲಿ ಏನೂ ಬದಲಾಗುವುದಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಎಂಟು ಗಂಟೆ, ಒಂದು ವಾರ, ಸದಾಕಾಲ ಎಂಬ ಮೂರು ಆಯ್ಕೆಗಳಿವೆ. ಕೊನೆಯದರ ಜಾಗದಲ್ಲಿ 2020ರವರೆಗೆ ಇದ್ದದ್ದು ಒಂದು ವರ್ಷದ ಮಿತಿ. ಆದರೆ ಸಂದೇಶಗಳು ಬರುವುದು ನಿಲ್ಲುವುದಿಲ್ಲ. ಫೋಟೊ, ವಿಡಿಯೊಗಳು ತಾವಾಗಿ ಇಳಿಯುತ್ತಿದ್ದರೆ ಜಾಗ ತುಂಬುತ್ತಲೇ ಇರುತ್ತದೆ. ಮ್ಯೂಟ್ ಮಾಡಿದ ಮೇಲೂ ಫೋನ್ ಪದೇ ಪದೇ ‘ಜಾಗವಿಲ್ಲ’ ಎನ್ನುತ್ತಿದ್ದರೆ ಕಾರಣ ಇದೇ ಇರಬಹುದು. ಸೆಟ್ಟಿಂಗ್‌ನಲ್ಲಿ ತಾನಾಗಿ ಡೌನ್‌ಲೋಡ್ ಆಗುವುದನ್ನು ಬೇರೆಯಾಗಿಯೇ ನಿಲ್ಲಿಸಬೇಕು.

ಹಾಗೆಂದು ಎಲ್ಲ ಆಪ್‌ಗಳ ಸದ್ದನ್ನೂ ಒಮ್ಮೆಲೇ ಬಂದ್ ಮಾಡಿ ಮರೆತುಬಿಡುವುದೂ ಸರಿಹೋಗುವುದಿಲ್ಲ. ಭಾರತದ ಮೊಬೈಲ್ ಬಳಕೆದಾರರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸೂಚನೆಗಳನ್ನು ದಿನಕ್ಕೆ ಮೂರು ಬಾರಿ ಒಟ್ಟಿಗೆ ಪಡೆದವರು ಹೆಚ್ಚು ನೆಮ್ಮದಿಯಿಂದಿದ್ದರು. ಸೂಚನೆಗಳೇ ಬಾರದವರಲ್ಲಿ ಏನೋ ತಪ್ಪಿಹೋಗುತ್ತಿದೆ ಎಂಬ ಆತಂಕ ಹೆಚ್ಚಿತ್ತು. ಅಂದಮೇಲೆ ಮ್ಯೂಟ್ ಮಾಡಿದ ಗ್ರೂಪಿಗೂ ದಿನದಲ್ಲಿ ಒಂದೆರಡು ಹೊತ್ತು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಸಂಜೆಯ ಲೋಕಲಿನಲ್ಲಿ ಸೀಟು ಸಿಕ್ಕ ಮೇಲೆ ಒಮ್ಮೆ ಕಣ್ಣಾಡಿಸಿದರೆ ಸಾಕು.

ಗ್ರೂಪಿನಿಂದ ಹೊರಬರುವುದು ಬೇರೆಯೇ ಬಗೆಯ ಕ್ರಿಯೆ. ವಾಟ್ಸಾಪ್ ಗ್ರೂಪಿನಲ್ಲಿ ಮೊದಲ ಬಾರಿ ಸಂದೇಶ ಹಾಕುವಾಗ ನಿಮ್ಮ ಫೋನ್ ಒಂದು ಗುಪ್ತ ಕೀಲಿಯನ್ನು ಹುಟ್ಟಿಸುತ್ತದೆ. ಇದಕ್ಕೆ ಸೆಂಡರ್ ಕೀ ಎಂದು ಹೆಸರು. ಅದನ್ನು ಪ್ರತಿಯೊಬ್ಬ ಸದಸ್ಯರಿಗೂ ಬೇರೆಬೇರೆಯಾಗಿ ಗೂಢಲಿಪಿಯಲ್ಲಿ ತಲುಪಿಸುತ್ತದೆ. ಆಮೇಲಿನ ಸಂದೇಶಗಳನ್ನು 300 ಸಲ ಗೂಢಗೊಳಿಸಬೇಕಿಲ್ಲ. ಒಂದು ಸಲ ಮಾಡಿ ಕಳಿಸಿದರೆ ಸರ್ವರ್ ಅದನ್ನೇ ಎಲ್ಲರಿಗೂ ಹಂಚುತ್ತದೆ. ಒಬ್ಬರು ಹೊರಬಂದರೆ ಉಳಿದವರೆಲ್ಲರ ಫೋನುಗಳು ಹಳೆಯ ಸೆಂಡರ್ ಕೀಗಳನ್ನು ಅಳಿಸಿ ಹೊಸದಾಗಿ ಶುರುಮಾಡುತ್ತವೆ. ಹೋದವರ ಕೈಯಲ್ಲಿರುವ ಹಳೆಯ ಕೀಲಿಯಿಂದ ಮುಂದಿನ ಮಾತು ತೆರೆಯಬಾರದಲ್ಲ! ಮ್ಯೂಟ್ ಮಾಡಿದರೆ ಮಾತ್ರ ಈ ಯಾವುದೂ ನಡೆಯುವುದಿಲ್ಲ, ಎಲ್ಲ ಕೀಲಿಗಳೂ ನಿಮ್ಮ ಬಳಿಯೇ ಇರುತ್ತವೆ.

ಹೊರಬರುವುದೇ ಸರಿ ಅನ್ನುವ ಸಂದರ್ಭ ಇಲ್ಲಿ ಕಾಣುತ್ತದೆ. ಕಲ್ಯಾಣದಲ್ಲಿದ್ದ ಕುಟುಂಬವೊಂದು ವಾಶಿಗೆ ಮನೆ ಬದಲಾಯಿಸಿತು ಅನ್ನಿ. ಹಳೆಯ ಬಿಲ್ಡಿಂಗ್‌ನವರು ಗ್ರೂಪಿನಲ್ಲಿ ‘ಒಂದು ವಾರ ಊರಿಗೆ ಹೋಗುತ್ತಿದ್ದೇವೆ, ಮನೆ ಕಡೆ ನೋಡಿಕೊಳ್ಳಿ’ ಎಂದು ಹಾಕಿದರೆ ಅದು ವಾಶಿಯಲ್ಲಿರುವವರಿಗೂ ತಲುಪುತ್ತದೆ. ಅಲ್ಲಿ ಉಳಿಯುವುದು ಮರ್ಯಾದೆ ಅನ್ನಿಸಬಹುದು, ಆದರೆ ಹೊರಬರುವುದೇ ಹಳೆಯ ನೆರೆಯವರಿಗೆ ತೋರುವ ಮರ್ಯಾದೆ.

ಹೊರಡುವ ಕ್ರಮ ಹೀಗಿರಲಿ. ಮೊದಲು ಬೇಕಾದ ರಸೀದಿ, ನಂಬರು, ಫೋಟೊಗಳನ್ನು ಉಳಿಸಿಕೊಳ್ಳಿ. ಜಗಳದ ನಡುವೆಯೋ ಸಾವಿನ ಸುದ್ದಿಯ ಬೆನ್ನಿಗೋ ಎದ್ದು ಹೋಗಬೇಡಿ. ನೋಡಿದವರು ಬೇರೆ ಅರ್ಥ ಮಾಡಿಕೊಳ್ಳುತ್ತಾರೆ. ಗ್ರೂಪಿನಲ್ಲಿ ವಿದಾಯ ಹೇಳಿದರೆ ಮತ್ತೆ ಐವತ್ತು ಉತ್ತರಗಳ ಸದ್ದು. ಅದರ ಬದಲು ಅಡ್ಮಿನ್‌ಗೆ ಮಾತ್ರ ಬರೆಯಿರಿ: ‘ಶೆಟ್ರೇ ನಮಸ್ಕಾರ, ನಾವೀಗ ವಾಶಿಯಲ್ಲಿದ್ದೇವೆ. ಬಿಲ್ಡಿಂಗ್ ಗ್ರೂಪಿನಿಂದ ಹೊರಬರುತ್ತಿದ್ದೇನೆ. ನಂಬರ್ ಇದೇ, ಏನಾದರೂ ಇದ್ದರೆ ಫೋನ್ ಮಾಡಿ.’ ಆಮೇಲೆ Exit group ಒತ್ತಿ. ಹಿಂದೆ ಯಾರು ಹೋದರೂ ಎಲ್ಲರ ಪರದೆಯಲ್ಲಿ ಹೆಸರು ಬೀಳುತ್ತಿತ್ತು. 2022ರಿಂದ ಅಡ್ಮಿನ್‌ಗಳಿಗೆ ಮಾತ್ರ ಸೂಚನೆ ಹೋಗುತ್ತದೆ. ಆದರೂ ಇದು ಪೂರ್ತಿ ಗುಟ್ಟಲ್ಲ: ಗ್ರೂಪಿನ ಮಾಹಿತಿ ತೆರೆದರೆ ಕಳೆದ 60 ದಿನಗಳಲ್ಲಿ ಹೋದವರ ಪಟ್ಟಿ ಸದಸ್ಯರಿಗೆ ಸಿಗುತ್ತದೆ. ನೀವು ಹಾಕಿದ್ದ ಹಳೆಯ ಸಂದೇಶಗಳೂ ಅವರ ಫೋನಿನಲ್ಲಿ ಹಾಗೇ ಉಳಿಯುತ್ತವೆ.

ಇನ್ನು ಅಡ್ಮಿನ್‌ಗಳ ಮಾತು. ಸಂಘದ ಗ್ರೂಪನ್ನು ಎರಡು ಮಾಡಿ. ಒಂದರಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಲಿ. 2018ರಿಂದಲೇ ಈ ಸೌಲಭ್ಯ ಇದೆ. ಸಭೆ, ಕಾರ್ಯಕ್ರಮ, ನಿಧನ, ಮೆಗಾ ಬ್ಲಾಕ್ ಎಲ್ಲ ಅಲ್ಲಿರಲಿ. ಹರಟೆ ಮತ್ತು ಶುಭಾಶಯಕ್ಕೆ ಇನ್ನೊಂದು ಇರಲಿ, ಬಯಸಿದವರು ಸೇರಲಿ. ಆಗ 300 ಜನರ ಗ್ರೂಪಿನ ಆ 750 ಸಂದೇಶಗಳೂ ಎರಡನೆಯದಕ್ಕೆ ಹೋಗುತ್ತವೆ, ಯಾರ ಶುಭಾಶಯಕ್ಕೂ ತಡೆಯಿಲ್ಲ. ಕೇಳದೆ ಯಾರನ್ನೂ ಸೇರಿಸಬೇಡಿ, ಹೋದವರನ್ನು ಮತ್ತೆ ಎಳೆದು ತರಬೇಡಿ.

ಸದಸ್ಯರು ಹಾಕಿದ್ದಕ್ಕೆಲ್ಲ ಅಡ್ಮಿನ್ ಹೊಣೆಯೇ ಎಂಬ ಭಯ ಹಲವರಿಗಿದೆ. ಗೊಂದಿಯಾ ಜಿಲ್ಲೆಯ ಪ್ರಕರಣವೊಂದರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ ಇದನ್ನು ಬಿಡಿಸಿ ಹೇಳಿತು: ಸಂದೇಶ ಬೀಳುವ ಮೊದಲೇ ತಡೆಯುವ ಶಕ್ತಿ ಅಡ್ಮಿನ್‌ಗೆ ಇಲ್ಲ, ಸಮಾನ ಉದ್ದೇಶ ಇತ್ತೆಂದು ಕಾಣದ ಹೊರತು ಬೇರೆಯವರ ಬರಹಕ್ಕೆ ಅವರು ಹೊಣೆಯಲ್ಲ. ಆಮೇಲೆ, 2022ರಲ್ಲಿ, ಯಾರ ಸಂದೇಶವನ್ನಾದರೂ ಎಲ್ಲರ ಪರದೆಯಿಂದ ಅಳಿಸುವ ಅಧಿಕಾರ ಅಡ್ಮಿನ್‌ಗೆ ಸಿಕ್ಕಿತು. ಅಳಿಸಿದವರು ಯಾರೆಂಬುದು ಎಲ್ಲರಿಗೂ ಕಾಣುವುದರಿಂದ, ಅಳಿಸಿದ ಕಾರಣವನ್ನು ಬರೆದವರಿಗೆ ಖಾಸಗಿಯಾಗಿ ಎರಡು ಸಾಲಿನಲ್ಲಿ ತಿಳಿಸಿ.

ಅಡ್ಮಿನ್ ಆಗಿರುವವರೇ ಹೊರಡುವುದಾದರೆ ಮೊದಲು ಇನ್ನೊಬ್ಬರಿಗೆ ಹೊಣೆ ಒಪ್ಪಿಸಬೇಕು. ಇದ್ದ ಒಬ್ಬರೇ ಅಡ್ಮಿನ್ ಹಾಗೇ ಹೊರಟರೆ ವಾಟ್ಸಾಪ್ ಉಳಿದವರಲ್ಲಿ ಯಾರೋ ಒಬ್ಬರನ್ನು ತಾನಾಗಿ ಅಡ್ಮಿನ್ ಮಾಡುತ್ತದೆ. ಅವರಿಗೆ ಅದು ಬೇಕಿತ್ತೇ, ಸಂಘಕ್ಕೆ ಅವರು ಸರಿಯೇ ಎಂದು ಅದು ಕೇಳುವುದಿಲ್ಲ. ಆ ಆಯ್ಕೆ ಸಂಘದವರ ಕೈಯಲ್ಲೇ ಇರಬೇಕು.