ಕಪ್ಪು ಬಟ್ಟೆಯ ಮುಂದೆ ಕಪ್ಪು ಮಿಕ್ಸಿ: ಫೋಟೊದಲ್ಲಿ ಅಂಚು ಮಾಯವಾಗದಂತೆ ಬೆಳಕು ಇಡೋದು ಹೇಗೆ?

ಅಂಗಡಿಗೆ ಹೊಸದಾಗಿ ಬಂದ ಹೊಳೆಯುವ ಕಪ್ಪು ಮಿಕ್ಸಿಯನ್ನು ಕಪ್ಪು ಬಟ್ಟೆಯ ಮುಂದಿಟ್ಟು ವಾಟ್ಸಾಪ್ ಸ್ಟೇಟಸ್‌ಗೆ ಫೋಟೊ ತೆಗೀತೀರಿ. ನೋಡಿದರೆ ಸ್ಟೀಲ್ ಜಾರ್ ಮಾತ್ರ ಗಾಳಿಯಲ್ಲಿ ತೇಲಿದ ಹಾಗಿರುತ್ತದೆ. ಮಿಕ್ಸಿಯ ಮೈ ಎಲ್ಲಿ ಮುಗಿದು ಬಟ್ಟೆ ಎಲ್ಲಿ ಶುರುವಾಯ್ತು ಅನ್ನೋದೇ ಗೊತ್ತಾಗಲ್ಲ. ಫ್ಲ್ಯಾಶ್ ಹಾಕಿದರೆ ನಡುವೆ ಒಂದು ಬಿಳಿ ಚುಕ್ಕೆ ಬೀಳುತ್ತದೆ ಅಷ್ಟೇ, ಅಂಚು ಮತ್ತೆ ಕತ್ತಲೆ.

ಯಾಕೆ ಹೀಗಾಗುತ್ತೆ?

ಹೊಳಪಿನ ಕಪ್ಪು ಮೈ ಕನ್ನಡಿ ಇದ್ದ ಹಾಗೆ. ಕ್ಯಾಮೆರಾಗೆ ಕಾಣೋದು ಹೆಚ್ಚಾಗಿ ಅದರಲ್ಲಿ ಬೀಳುವ ಪ್ರತಿಬಿಂಬ. ದುಂಡನೆಯ ಮೈಯ ಮುಂಭಾಗದಲ್ಲಿ ನಿಮ್ಮ ಮುಖ, ಅಂಗಿ ಕಾಣುತ್ತವೆ. ಮೈ ಬಾಗುತ್ತಾ ಅಂಚಿಗೆ ಹೋದಂತೆ ಪಕ್ಕದ್ದು, ಕೊನೆಗೆ ಹಿಂದಿನದ್ದೇ ಪ್ರತಿಫಲಿಸುತ್ತದೆ. ಹಿಂದೆ ಇರೋದು ಕಪ್ಪು ಬಟ್ಟೆಯಾದ್ದರಿಂದ ಅಂಚೂ ಕಪ್ಪಾಗಿ ಅದರಲ್ಲೇ ಸೇರಿಹೋಗುತ್ತದೆ. ಹಾಗಾಗಿ ಮುಂದಿನಿಂದ ಎಷ್ಟು ಬೆಳಕು ಬಿಟ್ಟರೂ ಪ್ರಯೋಜನವಿಲ್ಲ. ಅಂಚಿಗೆ ಕಾಣುವ ಜಾಗದಲ್ಲಿ ಬಿಳಿ ಏನಾದರೂ ಇರಬೇಕು.

ಹೀಗೆ ಮಾಡಿ

ಮಿಕ್ಸಿಯನ್ನು ಕಪ್ಪು ಬಟ್ಟೆಯಿಂದ ಮೂರು ಅಡಿ ಮುಂದಕ್ಕೆ ತನ್ನಿ. ಎರಡೂ ಪಕ್ಕ, ಮಿಕ್ಸಿಗಿಂತ ಸ್ವಲ್ಪ ಹಿಂದೆ, ಫೋಟೊದ ಚೌಕಟ್ಟಿನಿಂದ ಸ್ವಲ್ಪವೇ ಹೊರಗೆ ಒಂದೊಂದು ತೆಳು ಬಿಳಿ ಪಂಚೆಯನ್ನು ಬಿಗಿಯಾಗಿ ಕಟ್ಟಿ. ಪ್ರತಿ ಪಂಚೆಯ ಹಿಂದೆ ಒಂದಡಿ ಬಿಟ್ಟು ಎಲ್‌ಇಡಿ ಟ್ಯೂಬ್‌ಲೈಟನ್ನು ನೆಟ್ಟಗೆ ನಿಲ್ಲಿಸಿ. ಹತ್ತಿರ ಇಟ್ಟರೆ ಟ್ಯೂಬೇ ಗೆರೆಯಾಗಿ ಕಾಣುತ್ತದೆ, ದೂರ ಇದ್ದರೆ ಇಡೀ ಪಂಚೆ ಬೆಳಗುತ್ತದೆ.

ಈಗ ಅಂಗಡಿಯ ಉಳಿದ ದೀಪ ಎಲ್ಲಾ ಆರಿಸಿ. ಮಿಕ್ಸಿಯ ಎರಡೂ ಅಂಚಿನಲ್ಲಿ ಬಿಳಿ ಗೆರೆ ಮೂಡಿರುತ್ತದೆ. ಒಂದು ಪಂಚೆಯನ್ನು ಮುಂದಕ್ಕೆ ತಂದರೆ ಗೆರೆ ಮೈಮೇಲೆ ಒಳಗೆ ಸರಿಯುತ್ತದೆ, ಹಿಂದಕ್ಕೆ ಒಯ್ದರೆ ಅಂಚಿಗೆ ಅಂಟುತ್ತದೆ. ಒಂದು ಕಡೆ ಅಗಲ, ಇನ್ನೊಂದು ಕಡೆ ಸಣ್ಣ ಗೆರೆ ಬಂದರೆ ದುಂಡಗಿರೋದು ಚೆನ್ನಾಗಿ ತಿಳಿಯುತ್ತದೆ. ಮೇಲಂಚು ಕಾಣದಿದ್ದರೆ ಬಿಳಿ ಥರ್ಮೋಕೋಲ್ ಹಾಳೆಯನ್ನು ಮೇಲಿನಿಂದ, ಸ್ವಲ್ಪ ಹಿಂದಕ್ಕೆ ಹಿಡಿಸಿ.

ಕಪ್ಪು ಜಾಸ್ತಿ ಇದ್ದಾಗ ಮೊಬೈಲ್ ತಾನೇ ಬೆಳಕು ಏರಿಸಿ ಬಟ್ಟೆಯನ್ನು ಬೂದು ಮಾಡುತ್ತದೆ. ಪರದೆ ಮೇಲೆ ಮಿಕ್ಸಿಯನ್ನು ಮುಟ್ಟಿ, ಬೆಳಕಿನ ಗುರುತನ್ನು ಸ್ವಲ್ಪ ಇಳಿಸಿ. ಕ್ಲಿಕ್ ಮಾಡುವ ಮೊದಲು ಮೈ ಒರೆಸಿ. ಪಕ್ಕದ ಬೆಳಕಿಗೆ ಧೂಳು, ಬೆರಳ ಗುರುತು ಎದ್ದು ಕಾಣುತ್ತವೆ.

ಸರಿಯಾಯ್ತಾ ನೋಡೋದು ಹೇಗೆ?

ಫೋಟೊ ದೊಡ್ಡದು ಮಾಡಿ, ಮಿಕ್ಸಿಯ ಸುತ್ತ ಬೆರಳು ಓಡಿಸಿ. ಗೆರೆ ಎಲ್ಲಿ ಕಡಿಯುತ್ತದೋ ಆ ಕಡೆಯ ಪಂಚೆ ಸಾಲುತ್ತಿಲ್ಲ ಅಂತ ಅರ್ಥ. ಅದನ್ನು ಸರಿಸಿ ಇನ್ನೊಮ್ಮೆ ತೆಗೆಯಿರಿ.

ಒಂದು ಮಾತು: ಗ್ಲಾಸ್‌ಟಾಪ್ ಗ್ಯಾಸ್ ಸ್ಟವ್‌ನಂಥ ಚಪ್ಪಟೆ ವಸ್ತುಗಳಿಗೆ ಇದು ನಡೆಯಲ್ಲ. ಅಲ್ಲಿ ಬಾಗಿದ ಅಂಚೇ ಇಲ್ಲ. ಮೇಲೆ, ಹಿಂದಕ್ಕೆ ದೊಡ್ಡ ಬಿಳಿ ಹಾಳೆ ಹಿಡಿದು ಗಾಜಿನಲ್ಲಿ ಅದರ ಪ್ರತಿಬಿಂಬ ಬೀಳಿಸಬೇಕು.