ಅರವತ್ತು ಅರವತ್ತಮೂರಾದರೆ ಮಾರಬೇಕೆ?

ಹತ್ತು ಲಕ್ಷ ರೂಪಾಯಿ ಉಳಿತಾಯವಿದೆ ಎನ್ನಿ. 6 ಲಕ್ಷ ಷೇರುಪೇಟೆಯ ಇಂಡೆಕ್ಸ್ ಫಂಡಿನಲ್ಲಿ, 4 ಲಕ್ಷ ಬ್ಯಾಂಕಿನ ಎಫ್‌ಡಿಯಲ್ಲಿ. ಪೇಟೆ ಬಿದ್ದರೂ ನಿದ್ದೆ ಕೆಡಬಾರದೆಂದು ನೀವೇ ಗೊತ್ತು ಮಾಡಿಕೊಂಡ ಪಾಲು ಇದು. ವರ್ಷದಲ್ಲಿ ಫಂಡ್ ಶೇ 20 ಏರಿ 7.20 ಲಕ್ಷವಾಯಿತು, ಎಫ್‌ಡಿ ಶೇ 7ರ ಬಡ್ಡಿ ಸೇರಿ 4.28 ಲಕ್ಷವಾಯಿತು. ಷೇರಿನ ಪಾಲೀಗ ಶೇ 62.7. ಸುಮಾರು 31,000 ರೂಪಾಯಿಯ ಯೂನಿಟ್ ಮಾರಿ ಎಫ್‌ಡಿಗೆ ಹಾಕಿದರೆ ಮತ್ತೆ 60–40. ವರ್ಷಕ್ಕೊಮ್ಮೆ ಮಾಡುವ ರೀಬ್ಯಾಲೆನ್ಸಿಂಗ್ ಎಂದರೆ ಇಷ್ಟೇ. ಇದು ಗಳಿಕೆ ಹೆಚ್ಚಿಸುವ ಉಪಾಯವಲ್ಲ. ಪೇಟೆ ಏರುತ್ತಲೇ ಹೋದರೆ ಗಳಿಕೆ ತುಸು ಕಡಿಮೆಯೇ ಆದೀತು. ಇದರಿಂದ ಹಿಡಿತಕ್ಕೆ ಬರುವುದು ಅಪಾಯ.

ಆದರೆ ಇಷ್ಟು ಸಣ್ಣ ವ್ಯತ್ಯಾಸಕ್ಕೆ ನಾನಾದರೆ ಮಾರುವುದಿಲ್ಲ. ಪಾಲು ಐದು ಅಂಶದಷ್ಟು ಸರಿಯುವವರೆಗೆ ಸುಮ್ಮನಿರುವುದು ಹಲವರ ರೂಢಿ. ತಿಂಗಳಿಗೆ 10,000 ಉಳಿಸುವವರಿಗೆ ಇನ್ನೂ ಸುಲಭದ ದಾರಿಯಿದೆ: ಫಂಡಿನ ಎಸ್‌ಐಪಿ ನಿಲ್ಲಿಸಿ ಐದಾರು ತಿಂಗಳು ಆ ಹಣವನ್ನು ಠೇವಣಿಗೆ ತಿರುಗಿಸಿದರೆ ಪಾಲು ತಾನೇ ಹೆಚ್ಚುಕಡಿಮೆ ಸರಿಹೋಗುತ್ತದೆ. ಏನನ್ನೂ ಮಾರದ ಕಾರಣ ತೆರಿಗೆಯ ಮಾತೇ ಇಲ್ಲ.

ಕಷ್ಟವಿರುವುದು ಹಳೆಯ ಹೂಡಿಕೆಯಲ್ಲಿ. ಒಮ್ಮೆಗೇ ಹಾಕಿದ 10 ಲಕ್ಷ ಹಲವು ವರ್ಷಗಳಲ್ಲಿ 30 ಲಕ್ಷವಾಗಿದೆ, ಪಕ್ಕದಲ್ಲಿ ಠೇವಣಿ 10 ಲಕ್ಷವಿದೆ. ಷೇರಿನ ಪಾಲು ಶೇ 75. ಅರವತ್ತಕ್ಕೆ ಇಳಿಸಲು 6 ಲಕ್ಷ ಮಾರಬೇಕು. ಅದರಲ್ಲಿ ಲಾಭವೇ 4 ಲಕ್ಷ. ವರ್ಷ ದಾಟಿದ ಈಕ್ವಿಟಿ ಫಂಡಿನ ಲಾಭದಲ್ಲಿ ಪ್ರತಿ ಹಣಕಾಸು ವರ್ಷ 1.25 ಲಕ್ಷದವರೆಗೆ ತೆರಿಗೆಯಿಲ್ಲ, ಮಿಕ್ಕಿದ್ದಕ್ಕೆ ಶೇ 12.5. ಇದು 2024ರ ಜುಲೈ 23ರಿಂದ ಬಂದ ದರ. ಸೆಸ್ ಸೇರಿ 35,750 ರೂಪಾಯಿ ಕಟ್ಟಬೇಕು. ಅದನ್ನೇ ಮಾರ್ಚ್ ಕೊನೆಯಲ್ಲಿ ಅರ್ಧ, ಏಪ್ರಿಲ್ ಮೊದಲಲ್ಲಿ ಅರ್ಧ ಮಾರಿದರೆ ವಿನಾಯಿತಿ ಎರಡು ಸಲ ಸಿಗುತ್ತದೆ. ಬೆಲೆ ಅಷ್ಟೇ ಇದ್ದರೆ ತೆರಿಗೆ 19,500ಕ್ಕೆ ಇಳಿಯುತ್ತದೆ. ನಲವತ್ತು ಲಕ್ಷದ ಗಂಟಿನ ಮುಂದೆ ಇದು ದುಬಾರಿಯಲ್ಲ. ನಿವೃತ್ತಿ ಹತ್ತಿರವಿದ್ದರಂತೂ ಕಟ್ಟಿಬಿಡುವುದೇ ಲೇಸು.

ಎಸ್‌ಐಪಿಯಲ್ಲಿ ಕೂಡಿಟ್ಟವರು ಒಂದನ್ನು ಗಮನಿಸಬೇಕು: ಮಾರುವಾಗ ಮೊದಲು ಕೊಂಡ ಯೂನಿಟ್‌ಗಳೇ ಮೊದಲು ಹೋಗುತ್ತವೆ. ಹಳೆಯ ಯೂನಿಟ್‌ಗಳಲ್ಲಿ ಸಾಮಾನ್ಯವಾಗಿ ಲಾಭ ಹೆಚ್ಚು, ಹಾಗಾಗಿ ತೆರಿಗೆ ಸರಾಸರಿಯ ಅಂದಾಜನ್ನು ಮೀರುತ್ತದೆ. ಹೊಸದಾಗಿ ಹೂಡಿದವರ ಕಥೆ ಬೇರೆ. ವರ್ಷ ತುಂಬುವ ಮೊದಲೇ ಮಾರಿದರೆ ಲಾಭದ ಮೇಲೆ ಶೇ 20 ತೆರಿಗೆ, ಹಲವು ಈಕ್ವಿಟಿ ಫಂಡುಗಳಲ್ಲಿ ಅದರ ಜೊತೆಗೆ ಶೇ 1ರಷ್ಟು ಎಕ್ಸಿಟ್ ಲೋಡ್. ಇಂಥಲ್ಲಿ ಕೆಲವು ತಿಂಗಳು ಕಾಯುವುದು ಸರಿ. ಒಂದೇ ಕಂಪನಿಯ ಫಂಡಿನಿಂದ ಫಂಡಿಗೆ ‘ಸ್ವಿಚ್’ ಮಾಡಿದರೆ ತೆರಿಗೆ ತಪ್ಪುತ್ತದೆಂದು ನಂಬಿದವರೂ ಇದ್ದಾರೆ. ತೆರಿಗೆಯ ಕಣ್ಣಿಗೆ ಅದೂ ಮಾರಾಟವೇ. ಎನ್‌ಪಿಎಸ್ ಖಾತೆಯೊಳಗೆ ಷೇರಿನಿಂದ ಸಾಲಪತ್ರಕ್ಕೆ ಪಾಲು ಬದಲಿಸಿದರೆ ಮಾತ್ರ ತೆರಿಗೆ ಬೀಳದು. ಆ ಖಾತೆ ಇರುವವರು ತಿದ್ದುವ ಕೆಲಸವನ್ನು ಅಲ್ಲಿಂದಲೇ ಶುರುಮಾಡಬಹುದು.